ಬೆಳಗ್ಗೆ 9ರಿಂದ 9.15: ಷೇರಿನ ಓಪನಿಂಗ್ ಬೆಲೆ ಹೇಗೆ ನಿಗದಿಯಾಗುತ್ತದೆ? ಕೈಲೆಕ್ಕ ಹಾಕಿ ನೋಡೋಣ

ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಓದುಗರಿಂದ ಎರಡು ಪ್ರಶ್ನೆ ಮತ್ತೆ ಮತ್ತೆ ಬರುತ್ತಿವೆ. ಒಂದು: "ಸರ್, ನಾ 206ಕ್ಕ ಹಾಕಿದ್ದೆ, 202ಕ್ಕ ಹೆಂಗ ಸಿಕ್ತು?" ಇನ್ನೊಂದು ಇದಕ್ಕೆ ಉಲ್ಟಾ: "ನಾ ಮಾರ್ಕೆಟ್ ಆರ್ಡರ್ ಒತ್ತಿದ್ದೆ, ಒಂದೂ ಸಿಗಲಿಲ್ಲಲ್ರೀ!" ಎರಡಕ್ಕೂ ಉತ್ತರ ಇರುವುದು ಒಂದೇ ಕಡೆ, ಬೆಳಗಿನ ಪ್ರಿ-ಓಪನ್ ಹರಾಜಿನ ಲೆಕ್ಕದಲ್ಲಿ. ಆ ಲೆಕ್ಕ ಕಷ್ಟದ್ದಲ್ಲ. ಕೂಡುವುದು, ಕಳೆಯುವುದು ಬಂದರೆ ಸಾಕು. ಆದರೆ ಯಾರೋ ಹೇಳಿದ್ದನ್ನು ಕೇಳಿದರೆ ತಲೆಗೆ ಹೋಗುವುದಿಲ್ಲ, ಒಮ್ಮೆ ನೀವೇ ಪೆನ್ನು ಹಿಡಿದು ಮಾಡಬೇಕು.

ಬೇಕಾಗಿದ್ದು ಇಷ್ಟೇ: ಒಂದು ಹಾಳೆ, ಒಂದು ಪೆನ್ನು, ಮತ್ತು ಬೆಳಗ್ಗೆ 9ಕ್ಕೆ ಎನ್‌ಎಸ್‌ಇ ವೆಬ್‌ಸೈಟಿನ ಪ್ರಿ-ಓಪನ್ ಪುಟ ತೆರೆದ ಒಂದು ಮೊಬೈಲ್. ಡಿಮ್ಯಾಟ್ ಖಾತೆ ಇಲ್ಲದಿದ್ದರೂ ನಡೆಯುತ್ತದೆ, ನೋಡುವುದಕ್ಕೆ ದುಡ್ಡಿಲ್ಲ.

ಹಂತ 1: ಮೊದಲು ಗಡಿಯಾರ ತಿಳಿದುಕೊಳ್ಳಿ

ಪ್ರಿ-ಓಪನ್ ಅಂದರೆ ಮಾಮೂಲಿ ಮಾರುಕಟ್ಟೆ 9.15ಕ್ಕೆ ಶುರುವಾಗುವ ಮೊದಲಿನ ಹದಿನೈದು ನಿಮಿಷ. ಸೆಬಿ 2010ರಲ್ಲಿ ಇದರ ನಿಯಮ ಹೊರಡಿಸಿತು. ಅದೇ ವರ್ಷ ಅಕ್ಟೋಬರ್ 18ರಿಂದ ಮೊದಲು ಸೆನ್ಸೆಕ್ಸ್ ಮತ್ತು ನಿಫ್ಟಿ ಷೇರುಗಳಿಗೆ ಜಾರಿಗೆ ಬಂತು, 2013ರಲ್ಲಿ ಉಳಿದ ಷೇರುಗಳಿಗೂ ವಿಸ್ತರಿಸಿದರು.

ಈ ಹದಿನೈದು ನಿಮಿಷದಲ್ಲಿ ಮೂರು ಭಾಗ. 9ರಿಂದ 9.08ರವರೆಗೆ ಆರ್ಡರ್ ಹಾಕಬಹುದು, ತಿದ್ದಬಹುದು, ರದ್ದು ಮಾಡಬಹುದು. ಆಮೇಲೆ 9.12ರವರೆಗೆ ಲೆಕ್ಕ ಮತ್ತು ಜೋಡಣೆ, ಆಗ ನೀವು ಏನನ್ನೂ ಮುಟ್ಟುವಂತಿಲ್ಲ. ಕೊನೆಯ ಮೂರು ನಿಮಿಷ ಖಾಲಿ, ಪ್ರಿ-ಓಪನ್‌ನಿಂದ ಮಾಮೂಲಿ ಮಾರುಕಟ್ಟೆಗೆ ದಾಟುವ ಸಮಯ.

ಇಲ್ಲಿ ಮೊದಲ ಎಚ್ಚರಿಕೆ. ಬಾಗಿಲು ಸರಿಯಾಗಿ 9.08ಕ್ಕೆ ಮುಚ್ಚುತ್ತದೆ ಅಂದುಕೊಳ್ಳಬೇಡಿ. ಏಳನೇ ನಿಮಿಷ ಮತ್ತು ಎಂಟನೇ ನಿಮಿಷದ ನಡುವೆ ಯಾವ ಸೆಕೆಂಡಿನಲ್ಲಾದರೂ ಸಿಸ್ಟಂ ಮುಚ್ಚಬಹುದು. ಬೇಕೆಂತಲೇ ಹೀಗೆ ಇಟ್ಟಿದ್ದಾರೆ, ಯಾಕೆ ಅನ್ನುವುದು ಹಂತ 7ರಲ್ಲಿ ಗೊತ್ತಾಗುತ್ತದೆ. 9.07ರ ಒಳಗೆ ನಿಮ್ಮ ಕೆಲಸ ಮುಗಿದಿರಲಿ.

ಹಂತ 2: ಯಾವ ಆರ್ಡರ್ ನಡೆಯುತ್ತದೆ, ಯಾವುದು ನಡೆಯುವುದಿಲ್ಲ

ಎರಡೇ ನಡೆಯುತ್ತವೆ. ಲಿಮಿಟ್ ಆರ್ಡರ್ ಅಂದರೆ ನಿಮ್ಮ ಗಡಿ ಹೇಳುವುದು: ಕೊಳ್ಳುವವರಾದರೆ "ಇದಕ್ಕಿಂತ ಜಾಸ್ತಿ ಕೊಡಲ್ಲ", ಮಾರುವವರಾದರೆ "ಇದಕ್ಕಿಂತ ಕಡಿಮೆಗೆ ಕೊಡಲ್ಲ". ಮಾರ್ಕೆಟ್ ಆರ್ಡರ್ ಅಂದರೆ ಗಡಿ ಹೇಳದೆ "ಎಷ್ಟಕ್ಕಾದರೂ ಸರಿ" ಅನ್ನುವುದು.

ಸ್ಟಾಪ್ ಲಾಸ್ ಆರ್ಡರ್ ಇಲ್ಲಿ ನಡೆಯುವುದಿಲ್ಲ. ತಕ್ಷಣ ಸಿಕ್ಕಷ್ಟು ಕೊಟ್ಟು ಉಳಿದದ್ದು ರದ್ದಾಗುವ ಐಒಸಿ ಆರ್ಡರ್ ಕೂಡ ನಡೆಯುವುದಿಲ್ಲ. ಕ್ವಾಂಟಿಟಿಯನ್ನು ಸ್ವಲ್ಪ ಮಾತ್ರ ತೋರಿಸಿ ಉಳಿದದ್ದು ಮುಚ್ಚಿಡುವ ಆರ್ಡರಿಗೂ ಜಾಗವಿಲ್ಲ. ಷೇರಿಗೆ ಆ ದಿನ ಇರುವ ಬೆಲೆ ಮಿತಿಯ ಹೊರಗೆ ಲಿಮಿಟ್ ಹಾಕಿದರೆ ವಾಪಸ್ ಬರುತ್ತದೆ. ರಾತ್ರಿಯೇ ಆರ್ಡರ್ ಹಾಕಿ ಮಲಗುವ ಅಭ್ಯಾಸ ಇದ್ದವರು ನಿಮ್ಮ ಬ್ರೋಕರ್ ಅದನ್ನು ಪ್ರಿ-ಓಪನ್‌ಗೆ ಕಳಿಸುತ್ತಾರಾ ಇಲ್ಲ 9.15ಕ್ಕೆ ಕಳಿಸುತ್ತಾರಾ ಅಂತ ಒಮ್ಮೆ ಕೇಳಿಟ್ಟುಕೊಳ್ಳಿ. ಎಲ್ಲರೂ ಒಂದೇ ರೀತಿ ಮಾಡುವುದಿಲ್ಲ.

ಹಂತ 3: ಆರ್ಡರುಗಳನ್ನು ಹಾಳೆಯ ಮೇಲೆ ಬರೆಯಿರಿ

ಈಗ ಲೆಕ್ಕ. ಒಂದು ಸಕ್ಕರೆ ಕಾರ್ಖಾನೆಯ ಷೇರು ಅಂದುಕೊಳ್ಳಿ, ಊಹೆಯದ್ದೇ. ಹಿಂದಿನ ದಿನದ ಕ್ಲೋಸಿಂಗ್ 200 ರೂಪಾಯಿ. ನಿಜದಲ್ಲಿ ಬೆಲೆ ಪೈಸೆ ಲೆಕ್ಕದಲ್ಲಿ ಏರಿಳಿಯುತ್ತದೆ, ಆದರೆ ಇಲ್ಲಿ ಸುಲಭವಾಗಲಿ ಅಂತ ಒಂದೊಂದು ರೂಪಾಯಿಗೆ ಮಾತ್ರ ಬದಲಾಗುತ್ತದೆ ಎಂದಿಟ್ಟುಕೊಳ್ಳೋಣ.

9ರಿಂದ 9.08ರ ಒಳಗೆ ಬಂದ ಆರ್ಡರುಗಳು ಇವು:

| ಬೆಲೆ | ಕೊಳ್ಳುವವರು | ಮಾರುವವರು |
|---|---|---|
| ಮಾರ್ಕೆಟ್ | 300 | 200 |
| 207 | – | 500 |
| 206 | 200 | – |
| 205 | 400 | 700 |
| 203 | 500 | 400 |
| 202 | 300 | 500 |
| 200 | 600 | 400 |
| 198 | 800 | 300 |

ಗಮನಿಸಿ, 198ಕ್ಕೇ ಮಾರಲು ರೆಡಿ ಇರುವವರೂ ಇದ್ದಾರೆ, 206 ಕೊಟ್ಟು ಕೊಳ್ಳಲು ರೆಡಿ ಇರುವವರೂ ಇದ್ದಾರೆ. ಮಾಮೂಲಿ ಮಾರುಕಟ್ಟೆಯಲ್ಲಿ ಇಂಥ ಇಬ್ಬರು ಎದುರಾದ ತಕ್ಷಣ ವ್ಯವಹಾರ ಮುಗಿದುಹೋಗುತ್ತದೆ. ಇಲ್ಲಿ ಮುಗಿಯುವುದಿಲ್ಲ. ಎಲ್ಲವೂ ಬಂದು ರಾಶಿ ಬೀಳುವವರೆಗೆ ಎಕ್ಸ್‌ಚೇಂಜ್ ಕಾಯುತ್ತದೆ.

ನಮ್ಮ ಕಡೆಯವರಿಗೆ ಎಪಿಎಂಸಿ ಟೆಂಡರ್ ಗೊತ್ತು, ಹಾಗಾಗಿ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ವಿಜಯಪುರದಲ್ಲಿ ಒಣದ್ರಾಕ್ಷಿ ಲಾಟ್ ಟೆಂಡರಿಗೆ ಬಂದಾಗ ಯಾರು ಜಾಸ್ತಿ ರೇಟ್ ಬರೆದರೋ ಆ ಲಾಟ್ ಅವರಿಗೆ, ಅವರು ಬರೆದ ರೇಟಿಗೇ. ಪಕ್ಕದ ಲಾಟಿನ ರೇಟು ಬೇರೆ. ಪ್ರಿ-ಓಪನ್ ಹರಾಜಿನಲ್ಲಿ ಹಾಗಲ್ಲ. ಎಲ್ಲ ಆರ್ಡರುಗಳನ್ನೂ ಸೇರಿಸಿ ಒಂದೇ ರೇಟು ಕಂಡುಹಿಡಿಯುತ್ತಾರೆ, ವ್ಯವಹಾರ ಆದ ಎಲ್ಲರಿಗೂ ಅದೇ ರೇಟು. 206 ಬರೆದವನೂ 202 ಬರೆದವನೂ ಒಂದೇ ದುಡ್ಡು ಕೊಡುತ್ತಾರೆ. ಮೊದಲನೇ ಪ್ರಶ್ನೆಗೆ ಉತ್ತರ ಅರ್ಧ ಇಲ್ಲೇ ಸಿಕ್ಕಿತು.

ಹಂತ 4: ಪ್ರತಿ ಬೆಲೆಗೂ ಒಟ್ಟು ಬೇಡಿಕೆ, ಒಟ್ಟು ಪೂರೈಕೆ ಕೂಡಿ

ಒಂದೊಂದು ಬೆಲೆಯನ್ನೂ ಹಿಡಿದು ಎರಡು ಪ್ರಶ್ನೆ ಕೇಳಿ. ಓಪನಿಂಗ್ ಬೆಲೆ ಇದೇ ಆದರೆ ಎಷ್ಟು ಷೇರು ಕೊಳ್ಳಲು ಜನ ಒಪ್ಪುತ್ತಾರೆ? ಎಷ್ಟು ಮಾರಲು ಒಪ್ಪುತ್ತಾರೆ?

ಉದಾಹರಣೆಗೆ 203 ಹಿಡಿಯಿರಿ. 206 ಕೊಡಲು ಒಪ್ಪಿದವನು 203ಕ್ಕೆ ಬೇಡ ಅನ್ನುತ್ತಾನಾ? ಇಲ್ಲ. 205ರವನೂ ಒಪ್ಪುತ್ತಾನೆ, 203ರವನೂ ಒಪ್ಪುತ್ತಾನೆ, ಮಾರ್ಕೆಟ್ ಆರ್ಡರಿನವರಂತೂ ಎಷ್ಟಕ್ಕಾದರೂ ಸರಿ ಅಂದವರು. ಹಾಗಾಗಿ 200, 400, 500, ಜೊತೆಗೆ ಮಾರ್ಕೆಟ್‌ನ 300 ಸೇರಿ 1400. ಇನ್ನು ಮಾರುವ ಕಡೆ: 198, 200, 202, 203 ಬರೆದವರೆಲ್ಲ 203ಕ್ಕೆ ಖುಷಿಯಿಂದ ಕೊಡುತ್ತಾರೆ. 300, 400, 500, 400, ಜೊತೆಗೆ ಮಾರ್ಕೆಟ್‌ನ 200 ಸೇರಿ 1800.

ಕೊಳ್ಳುವವರದ್ದು ಮೇಲಿನಿಂದ ಕೆಳಗೆ ಕೂಡಬೇಕು, ಮಾರುವವರದ್ದು ಕೆಳಗಿನಿಂದ ಮೇಲೆ. ಹೊಸಬರು ಎಡವುವುದು ಇಲ್ಲೇ. ಎರಡನ್ನೂ ಒಂದೇ ದಿಕ್ಕಿನಲ್ಲಿ ಕೂಡಿಬಿಡುತ್ತಾರೆ, ಆಮೇಲೆ ಲೆಕ್ಕ ಹತ್ತುವುದಿಲ್ಲ. ತಪ್ಪಾಗಿದೆಯಾ ಅಂತ ಪರೀಕ್ಷಿಸಲು ಸುಲಭ ದಾರಿ ಇದೆ: ಬೆಲೆ ಏರಿದಂತೆ ಬೇಡಿಕೆಯ ಸಂಖ್ಯೆ ಕಡಿಮೆ ಆಗುತ್ತಲೇ ಇರಬೇಕು ಅಥವಾ ಹಾಗೇ ಇರಬೇಕು, ಪೂರೈಕೆಯದ್ದು ಜಾಸ್ತಿ ಆಗುತ್ತಲೇ ಇರಬೇಕು ಅಥವಾ ಹಾಗೇ ಇರಬೇಕು. ಹಾಗಿಲ್ಲ ಅಂದರೆ ಎಲ್ಲೋ ಕೈ ತಪ್ಪಿದೆ.

ಪೂರ್ತಿ ಕೂಡಿದರೆ ಹೀಗೆ ಬರುತ್ತದೆ. ನಾಲ್ಕನೇ ಕಾಲಂನಲ್ಲಿ ಇರುವುದು ಬೇಡಿಕೆ, ಪೂರೈಕೆ ಎರಡರಲ್ಲಿ ಕಡಿಮೆ ಇದ್ದದ್ದು, ಯಾಕೆಂದರೆ ಕೊಳ್ಳುವವರು 1400, ಮಾರುವವರು 1800 ಇದ್ದರೆ ಕೈ ಬದಲಾಗುವುದು 1400 ಮಾತ್ರ. ಕೊನೆಯದು ಜೋಡಿ ಸಿಗದೆ ಉಳಿಯುವ ಷೇರು.

| ಬೆಲೆ | ಒಟ್ಟು ಬೇಡಿಕೆ | ಒಟ್ಟು ಪೂರೈಕೆ | ನಡೆಯುವ ವಹಿವಾಟು | ಉಳಿಕೆ |
|---|---|---|---|---|
| 207 | 300 | 3000 | 300 | 2700 |
| 206 | 500 | 2500 | 500 | 2000 |
| 205 | 900 | 2500 | 900 | 1600 |
| 204 | 900 | 1800 | 900 | 900 |
| 203 | 1400 | 1800 | 1400 | 400 |
| 202 | 1700 | 1400 | 1400 | 300 |
| 201 | 1700 | 900 | 900 | 800 |
| 200 | 2300 | 900 | 900 | 1400 |
| 199 | 2300 | 500 | 500 | 1800 |
| 198 | 3100 | 500 | 500 | 2600 |

204, 201, 199ಕ್ಕೆ ಯಾರೂ ಆರ್ಡರ್ ಹಾಕಿಲ್ಲ, ಆದರೂ ಆ ಸಾಲುಗಳನ್ನು ಬಿಡಬೇಡಿ. ಯಾರೂ ಬರೆಯದ ಬೆಲೆಯಲ್ಲೂ ಬೇಡಿಕೆ, ಪೂರೈಕೆ ಇರುತ್ತವೆ.

ಹಂತ 5: ಒಂದು ಬೆಲೆ ಆರಿಸಿ

ಮೊದಲ ನಿಯಮ: ಯಾವ ಬೆಲೆಗೆ ಅತಿ ಹೆಚ್ಚು ಷೇರು ಕೈ ಬದಲಾಗುತ್ತವೋ ಅದೇ ಓಪನಿಂಗ್ ಬೆಲೆ. ಇದನ್ನು ಸಮತೋಲನ ಬೆಲೆ ಅನ್ನುತ್ತಾರೆ, ಎನ್‌ಎಸ್‌ಇ ಪುಟದಲ್ಲಿ `IEP` ಅಂತ ಕಾಣುವುದು ಇದೇ. ಜನ ಅಂದುಕೊಂಡ ಹಾಗೆ ಇದು ಎಲ್ಲ ಬೆಲೆಗಳ ಸರಾಸರಿಯಲ್ಲ. ಅತಿ ಜಾಸ್ತಿ ಬರೆದವನ ಬೆಲೆಯೂ ಅಲ್ಲ, ಮೊದಲು ಬಂದವನ ಬೆಲೆಯೂ ಅಲ್ಲ.

ನಮ್ಮ ಲೆಕ್ಕದಲ್ಲಿ ಎರಡು ಬೆಲೆ ಸಮ ಬಂದಿವೆ, 202 ಮತ್ತು 203, ಎರಡಕ್ಕೂ 1400. ಆಗ ಎರಡನೇ ನಿಯಮ: ಉಳಿಕೆ ಯಾವುದರಲ್ಲಿ ಕಡಿಮೆಯೋ ಅದು. 203ರಲ್ಲಿ 400 ಉಳಿಯುತ್ತವೆ, 202ರಲ್ಲಿ 300. ಹಾಗಾಗಿ ಓಪನಿಂಗ್ ಬೆಲೆ 202.

ಉಳಿಕೆಯೂ ಸಮ ಬಂದರೆ? ಹಾಳೆಯಲ್ಲೇ ಒಂದು ಸಂಖ್ಯೆ ಬದಲಿಸಿ ನೋಡಿ. 203ಕ್ಕೆ ಮಾರುವವರು 400ರ ಬದಲು 300 ಇದ್ದಿದ್ದರೆ ಆ ಸಾಲಿನ ಪೂರೈಕೆ 1700 ಆಗುತ್ತಿತ್ತು, ಉಳಿಕೆ ಎರಡರಲ್ಲೂ 300. ಆಗ ಮೂರನೇ ನಿಯಮ: ಹಿಂದಿನ ದಿನದ ಕ್ಲೋಸಿಂಗ್‌ಗೆ ಯಾವುದು ಹತ್ತಿರವೋ ಅದು. ಕ್ಲೋಸಿಂಗ್ 200 ಆದ್ದರಿಂದ ಮತ್ತೆ 202 ಗೆಲ್ಲುತ್ತದೆ. ಕ್ಲೋಸಿಂಗ್ 206 ಆಗಿದ್ದರೆ 203 ಗೆಲ್ಲುತ್ತಿತ್ತು, ಆರ್ಡರುಗಳೆಲ್ಲ ಅವೇ ಇದ್ದರೂ. ಕ್ಲೋಸಿಂಗ್ ಎರಡು ಬೆಲೆಗಳ ನಟ್ಟನಡುವೆ ಬಿದ್ದರೆ ಆ ಕ್ಲೋಸಿಂಗ್ ಬೆಲೆಯನ್ನೇ ಓಪನಿಂಗ್ ಅಂತ ತೆಗೆದುಕೊಳ್ಳುತ್ತಾರೆ. ಬೋನಸ್, ಷೇರು ವಿಭಜನೆ ಇದ್ದ ದಿನ ಅದಕ್ಕೆ ತಕ್ಕಂತೆ ಸರಿಪಡಿಸಿದ ಕ್ಲೋಸಿಂಗ್ ಲೆಕ್ಕಕ್ಕೆ ಬರುತ್ತದೆ. ಅಂಥ ದಿನ ಹಳೇ ಕ್ಲೋಸಿಂಗ್ ಇಟ್ಟುಕೊಂಡು ಹೋಲಿಸಿದರೆ ಷೇರು ಅರ್ಧಕ್ಕೆ ಬಿದ್ದಂತೆ ಕಂಡು ಗಾಬರಿಯಾಗುತ್ತದೆ, ಹುಷಾರು.

ಹಂತ 6: ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ

ಬೆಲೆ ಗೊತ್ತಾಯಿತು, 202. ಆದರೆ ಬೇಡಿಕೆ 1700, ಪೂರೈಕೆ 1400. ಕೊಳ್ಳುವವರಲ್ಲಿ 300 ಷೇರಿನವರು ಬಿಟ್ಟುಹೋಗಲೇಬೇಕು. ಯಾರು ಅವರು?

ಬಹಳ ಜನ ಹೇಳುವುದು, "202 ಬರೆದವರು, ಅವರೇ ಅಲ್ವಾ ಕಡಿಮೆ ಬರೆದಿದ್ದು?" ಅಲ್ಲ. ಬಿಟ್ಟುಹೋಗುವುದು ಮಾರ್ಕೆಟ್ ಆರ್ಡರ್ ಹಾಕಿದವರು! ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

2010ರ ಸೆಬಿ ಸುತ್ತೋಲೆಯಲ್ಲಿ ಜೋಡಣೆಯ ಕ್ರಮ ಹೀಗಿದೆ. ಮೊದಲು ಲಿಮಿಟ್ ಆರ್ಡರಿಗೆ ಲಿಮಿಟ್ ಆರ್ಡರ್ ಜೋಡಿ. ಅದರಲ್ಲಿ ಉಳಿದ ಲಿಮಿಟ್ ಆರ್ಡರಿಗೆ ಎದುರು ಕಡೆಯ ಮಾರ್ಕೆಟ್ ಆರ್ಡರ್ ಜೋಡಿ. ಕೊನೆಗೆ ಮಾರ್ಕೆಟ್ ಆರ್ಡರಿಗೆ ಮಾರ್ಕೆಟ್ ಆರ್ಡರ್.

ನಮ್ಮ ಲೆಕ್ಕಕ್ಕೆ ಹಚ್ಚಿ ನೋಡಿ. 202ಕ್ಕೆ ಒಪ್ಪುವ ಮಾರುವ ಲಿಮಿಟ್ ಆರ್ಡರುಗಳು 198, 200, 202ರವು, ಒಟ್ಟು 1200. ಒಪ್ಪುವ ಕೊಳ್ಳುವ ಲಿಮಿಟ್ ಆರ್ಡರುಗಳು 206, 205, 203, 202ರವು, ಒಟ್ಟು 1400. ಮೊದಲ ಸುತ್ತಿನಲ್ಲಿ 1200 ಜೋಡಿಯಾದವು. ಜಾಸ್ತಿ ಬೆಲೆ ಬರೆದವರಿಗೆ ಮೊದಲ ಸರದಿ, ಒಂದೇ ಬೆಲೆ ಇದ್ದರೆ ಮೊದಲು ಬಂದವರಿಗೆ. ಹೀಗಾಗಿ 206ರವರ 200, 205ರವರ 400, 203ರವರ 500 ಪೂರ್ತಿ ಆದವು, 202ರವರಿಗೆ 100 ಸಿಕ್ಕವು, ಇನ್ನೂ 200 ಬಾಕಿ. ಎರಡನೇ ಸುತ್ತಿನಲ್ಲಿ ಆ 200ಕ್ಕೆ ಮಾರ್ಕೆಟ್ ಆರ್ಡರ್ ಹಾಕಿ ಮಾರಲು ಬಂದವರ 200 ಜೋಡಿಯಾದವು. ಮೂರನೇ ಸುತ್ತಿಗೆ ಬರುವಾಗ ಕೊಳ್ಳುವ ಮಾರ್ಕೆಟ್ ಆರ್ಡರ್ 300 ಕಾಯುತ್ತಾ ನಿಂತಿದೆ, ಎದುರಿಗೆ ಮಾರುವವರೇ ಇಲ್ಲ.

ಒಟ್ಟು 1400 ಷೇರು, ಎಲ್ಲವೂ 202ಕ್ಕೆ. 206 ಬರೆದವರಿಗೆ ಷೇರಿಗೆ ನಾಲ್ಕು ರೂಪಾಯಿ ಉಳಿಯಿತು. 198ಕ್ಕೆ ಮಾರಲು ಬರೆದವರಿಗೆ ನಾಲ್ಕು ರೂಪಾಯಿ ಜಾಸ್ತಿ ಸಿಕ್ಕಿತು. ಬೆಳಗ್ಗೆ 206ರ ಲೆಕ್ಕದಲ್ಲಿ ಖಾತೆಯಿಂದ ತಡೆಹಿಡಿದ ದುಡ್ಡಿನಲ್ಲಿ ವ್ಯತ್ಯಾಸದ ಮೊತ್ತ ಮತ್ತೆ ಲಭ್ಯವಾಗುತ್ತದೆ.

ಆದ್ದರಿಂದ ನನ್ನ ಸ್ಪಷ್ಟ ಅಭಿಪ್ರಾಯ: ಪ್ರಿ-ಓಪನ್‌ನಲ್ಲಿ ಮಾರ್ಕೆಟ್ ಆರ್ಡರ್ ಬೇಡ. ನೀವು ನಿಜವಾಗಿ ಎಷ್ಟರವರೆಗೆ ಕೊಡಲು ತಯಾರೋ ಆ ಬೆಲೆಯನ್ನೇ ಲಿಮಿಟ್ ಆಗಿ ಬರೆಯಿರಿ. ಚೌಕಾಸಿ ಮಾಡುವ ಹಾಗೆ ನಾಲ್ಕು ರೂಪಾಯಿ ಕಡಿಮೆ ಬರೆದು ಲಾಭವಿಲ್ಲ, ಯಾಕೆಂದರೆ ನೀವು ಬರೆದದ್ದು ನೀವು ಕೊಡುವ ಬೆಲೆಯಲ್ಲ, ನೀವು ಸಾಲಿನಲ್ಲಿ ಇದ್ದೀರಾ ಇಲ್ಲವಾ ಅನ್ನುವುದಷ್ಟೇ ಅದರಿಂದ ತೀರ್ಮಾನ ಆಗುತ್ತದೆ.

ಇದಕ್ಕೂ ಒಂದು ಮಿತಿ ಇದೆ. ನಿಮ್ಮ ಆರ್ಡರ್ ಉಳಿದವರ ಮುಂದೆ ಚಿಕ್ಕದಾಗಿದ್ದರೆ ಮಾತ್ರ ಈ ಮಾತು. ದಿನಕ್ಕೆ ಕೆಲವೇ ನೂರು ಷೇರು ಓಡಾಡುವ ಸಣ್ಣ ಕಂಪನಿಯಲ್ಲಿ ನೀವು ಸಾವಿರ ಷೇರಿಗೆ ದೊಡ್ಡ ಲಿಮಿಟ್ ಬರೆದರೆ ಓಪನಿಂಗ್ ಬೆಲೆಯನ್ನು ನೀವೇ ಮೇಲೆತ್ತಿಬಿಡುತ್ತೀರಿ, ಅದನ್ನು ಕೊಡುವವರೂ ನೀವೇ. ಅಂಥ ಷೇರು ಪ್ರಿ-ಓಪನ್‌ನಲ್ಲಿ ಕೊಳ್ಳುವ ಗೋಜಿಗೆ ಹೋಗದಿರುವುದೇ ವಾಸಿ.

ಹಂತ 7: ಪರದೆಯ ಮೇಲಿನ ಬೆಲೆಯನ್ನು ಹೇಗೆ ಓದಬೇಕು

9ರಿಂದಲೇ ಪರದೆಯ ಮೇಲೆ ಒಂದು ಬೆಲೆ ಕುಣಿಯುತ್ತಿರುತ್ತದೆ. ಅದು ಓಪನಿಂಗ್ ಬೆಲೆಯಲ್ಲ. "ಈಗ ಬಾಗಿಲು ಮುಚ್ಚಿದರೆ ಬೆಲೆ ಇಷ್ಟಾಗುತ್ತದೆ" ಅನ್ನುವ ಸೂಚನೆ ಅಷ್ಟೇ. ಒಂದೊಂದು ಆರ್ಡರ್ ಬಂದಾಗಲೂ, ರದ್ದಾದಾಗಲೂ ಮೇಲಿನ ಕೋಷ್ಟಕ ಮತ್ತೆ ಲೆಕ್ಕವಾಗುತ್ತದೆ.

ಇದನ್ನು ಎಷ್ಟು ಸುಲಭವಾಗಿ ಎಳೆದಾಡಬಹುದು ಅಂತ ನಮ್ಮ ಹಾಳೆಯಲ್ಲೇ ನೋಡಿ. ಯಾರೋ 9.03ಕ್ಕೆ 207 ಬರೆದು 2000 ಷೇರಿಗೆ ಕೊಳ್ಳುವ ಆರ್ಡರ್ ಹಾಕಿದರು ಅನ್ನಿ. ಎಲ್ಲ ಬೆಲೆಗಳ ಬೇಡಿಕೆಗೂ 2000 ಸೇರುತ್ತದೆ. ಈಗ 205ರಲ್ಲಿ ಬೇಡಿಕೆ 2900, ಪೂರೈಕೆ 2500. 206ರಲ್ಲಿ ಬೇಡಿಕೆ 2500, ಪೂರೈಕೆಯೂ 2500. ಎರಡರಲ್ಲೂ 2500 ಷೇರು ನಡೆಯುತ್ತವೆ, ಆದರೆ 206ರಲ್ಲಿ ಉಳಿಕೆ ಸೊನ್ನೆ. ಪರದೆಯ ಮೇಲೆ 206 ಕಾಣುತ್ತದೆ. ನೋಡಿದವರು "ಅಬ್ಬಾ, ಮೂರು ಪರ್ಸೆಂಟ್ ಮೇಲೆ ಓಪನ್ ಆಗ್ತಿದೆ" ಅಂತ ಓಡಿಬಂದು ಕೊಳ್ಳಲು ಹಾಕುತ್ತಾರೆ. 9.06ಕ್ಕೆ ಆ 2000 ರದ್ದಾದರೆ, ಓಡಿಬಂದವರಿಲ್ಲದೆ ಇದ್ದಿದ್ದರೆ ಬೆಲೆ ಮತ್ತೆ 202.

ಬಾಗಿಲು ಯಾವ ಸೆಕೆಂಡಿಗೆ ಮುಚ್ಚುತ್ತದೆ ಅಂತ ಹೇಳದೆ ಇಟ್ಟಿರುವುದು ಇದಕ್ಕೇ. ಕೊನೆಯ ಗಳಿಗೆಯವರೆಗೂ ಸುಳ್ಳು ಆರ್ಡರ್ ಇಟ್ಟುಕೊಂಡು ಕೂತವನು, ರದ್ದು ಮಾಡುವ ಮೊದಲೇ ಬಾಗಿಲು ಮುಚ್ಚಿದರೆ, 2000 ಷೇರನ್ನು ನಿಜವಾಗಿ ಕೊಳ್ಳಬೇಕಾಗುತ್ತದೆ. ಆ ಭಯ ಇರುವುದರಿಂದ ಏಳನೇ ನಿಮಿಷದ ಹತ್ತಿರದ ಬೆಲೆಗೆ ಮೊದಲ ಎರಡು ನಿಮಿಷದ ಬೆಲೆಗಿಂತ ಜಾಸ್ತಿ ತೂಕ.

ನೀವು ನೋಡಬೇಕಾದದ್ದು ಬೆಲೆಯನ್ನಲ್ಲ, ಅದರ ಪಕ್ಕದಲ್ಲಿರುವ ಕ್ವಾಂಟಿಟಿಯನ್ನು. ಬೆಲೆ ಏರುತ್ತಾ ನಡೆಯುವ ಕ್ವಾಂಟಿಟಿಯೂ ನಿಧಾನವಾಗಿ ಏರುತ್ತಿದ್ದರೆ ಜನ ನಿಜವಾಗಿ ಬರುತ್ತಿದ್ದಾರೆ ಅನ್ನಬಹುದು. ಕ್ವಾಂಟಿಟಿ ಒಮ್ಮೆಗೇ ಜಿಗಿದು, ಸ್ವಲ್ಪ ಹೊತ್ತಿನಲ್ಲಿ ಅಷ್ಟೇ ಕೆಳಗೆ ಬಿದ್ದರೆ ಯಾರದೋ ಒಂದು ದೊಡ್ಡ ಆರ್ಡರ್ ಬಂದು ಹೋಯಿತು ಅಂತ ಅರ್ಥ. ಎನ್‌ಎಸ್‌ಇ ಪುಟದಲ್ಲಿ ಷೇರಿನ ಹೆಸರು ತೆರೆದರೆ ಬೆಲೆವಾರು ಆರ್ಡರುಗಳ ಜೊತೆ `ATO` ಅನ್ನುವ ಸಾಲು ಕಾಣುತ್ತದೆ. ಅದು ಮಾರ್ಕೆಟ್ ಆರ್ಡರುಗಳ ಒಟ್ಟು. ಕೊಳ್ಳುವ ಕಡೆ ಅದು ದಪ್ಪಗಿದ್ದು ಮಾರುವ ಕಡೆ ತೆಳ್ಳಗಿದ್ದರೆ, ಹಂತ 6ರ ಆ 300ರ ಗತಿ ಎಷ್ಟು ಜನರಿಗೆ ಬರಬಹುದು ಅಂತ ಊಹಿಸಬಹುದು.

ಇನ್ನೊಂದು ಎಡವುವ ಜಾಗ: ನೀವು ಬಿಎಸ್‌ಇಯಲ್ಲಿ ಆರ್ಡರ್ ಹಾಕಿ ಎನ್‌ಎಸ್‌ಇ ಪುಟ ನೋಡುತ್ತಾ ಕೂರಬೇಡಿ. ಎರಡೂ ಕಡೆ ಹರಾಜು ಬೇರೆ, ಆರ್ಡರ್ ರಾಶಿ ಬೇರೆ, ಓಪನಿಂಗ್ ಬೆಲೆಯೂ ಬೇರೆ ಬರಬಹುದು.

ಆರ್ಡರ್ ತಿದ್ದುವಾಗಲೂ ಒಂದು ಮಾತು. ಬೆಲೆ ಬದಲಿಸಿದರೆ ಅಥವಾ ಕ್ವಾಂಟಿಟಿ ಜಾಸ್ತಿ ಮಾಡಿದರೆ ಸರದಿಯಲ್ಲಿ ನಿಮ್ಮ ಹಳೇ ಜಾಗ ಹೋಗುತ್ತದೆ, ಆ ಬೆಲೆಯ ಸಾಲಿನ ಹಿಂದೆ ನಿಲ್ಲುತ್ತೀರಿ. 9.01ಕ್ಕೆ ಹಾಕಿ ಐದು ಸಲ ತಿದ್ದುವುದಕ್ಕಿಂತ ಯೋಚಿಸಿ ಒಮ್ಮೆ ಹಾಕುವುದು ಒಳ್ಳೆಯದು.

ಹಂತ 8: 9.15ಕ್ಕೆ ಉಳಿದ ಆರ್ಡರ್ ಎಲ್ಲಿ ಹೋಗುತ್ತದೆ

ಜೋಡಿ ಸಿಗದ ಆರ್ಡರ್ ರದ್ದಾಗುವುದಿಲ್ಲ. ಇದನ್ನು ತಿಳಿಯದೆ "ಸಿಗಲಿಲ್ಲ ಬಿಡು" ಅಂತ 9.16ಕ್ಕೆ ಇನ್ನೊಂದು ಆರ್ಡರ್ ಹಾಕಿ, ಆಮೇಲೆ ಎರಡೂ ಆಗಿ ಕೂತವರು ಬಹಳ ಜನ. ಮೊದಲು ಆರ್ಡರ್ ಬುಕ್ ತೆರೆದು ನೋಡಿ, ಹಳೆಯದು ಬೇಡವಾದರೆ ರದ್ದು ಮಾಡಿ, ಆಮೇಲೆ ಹೊಸದು.

ಲಿಮಿಟ್ ಆರ್ಡರ್ ತನ್ನ ಅದೇ ಬೆಲೆ, ಅದೇ ಸಮಯದ ಗುರುತು ಇಟ್ಟುಕೊಂಡು ಮಾಮೂಲಿ ಮಾರುಕಟ್ಟೆಗೆ ಹೋಗುತ್ತದೆ. ಉಳಿದ ಮಾರ್ಕೆಟ್ ಆರ್ಡರ್ ಓಪನಿಂಗ್ ಬೆಲೆಯ ಲಿಮಿಟ್ ಆರ್ಡರ್ ಆಗಿ ಬದಲಾಗುತ್ತದೆ. ನಮ್ಮ ಉದಾಹರಣೆಯ ಆ 300 ಷೇರಿನವರು ಈಗ 202ಕ್ಕೆ ಕೊಳ್ಳುವ ಲಿಮಿಟ್ ಆರ್ಡರ್ ಹಿಡಿದು ನಿಂತಿದ್ದಾರೆ. ಅವರ ಹಿಂದೆ 200ಕ್ಕೆ 600, 198ಕ್ಕೆ 800. ಎದುರಿಗೆ ಮಾರುವವರು 203ಕ್ಕೆ 400, 205ಕ್ಕೆ 700, 207ಕ್ಕೆ 500. 202ಕ್ಕೆ ಕೊಳ್ಳುವವರು, 203ಕ್ಕೆ ಮಾರುವವರು, ನಡುವೆ ಒಂದು ರೂಪಾಯಿ. ಯಾರಾದರೂ ಹೊಸದಾಗಿ 202ಕ್ಕೆ ಮಾರಲು ಬರುವವರೆಗೆ ಆ 300 ಹಾಗೇ ನಿಂತಿರುತ್ತದೆ. ಬೆಲೆ ಮೇಲೆ ಓಡಿಬಿಟ್ಟರೆ ದಿನವಿಡೀ ನಿಂತಿರುತ್ತದೆ. "ಎಷ್ಟಕ್ಕಾದರೂ ಸರಿ" ಅಂತ ಒತ್ತಿದ ಆರ್ಡರಿಗೆ ಈಗ ಗಡಿ ಬಂದುಬಿಟ್ಟಿದೆ, ಹಾಕಿದವರಿಗೆ ಗೊತ್ತೇ ಇಲ್ಲ. ಎರಡನೇ ಪ್ರಶ್ನೆ ಕೇಳಿದವರಿಗೆ ಆಗಿರುವುದು ಇದೇ ಇರಬೇಕು. ಷೇರು ಬೇಕೇ ಬೇಕು ಅನ್ನುವುದಾದರೆ 9.15ರ ನಂತರ ಆ ಆರ್ಡರಿನ ಬೆಲೆಯನ್ನು ನೀವೇ ತಿದ್ದಬೇಕು.

ಇನ್ನು ಬೆಲೆಯೇ ಹುಟ್ಟದ ಸಂದರ್ಭ. ಕೊಳ್ಳುವವರಲ್ಲಿ ಅತಿ ಹೆಚ್ಚು 198, ಮಾರುವವರಲ್ಲಿ ಅತಿ ಕಡಿಮೆ 203 ಇದ್ದು, ಮಾರ್ಕೆಟ್ ಆರ್ಡರ್ ಯಾವ ಕಡೆಯೂ ಇಲ್ಲದಿದ್ದರೆ ಯಾವ ಬೆಲೆಗೂ ವಹಿವಾಟು ನಡೆಯುವುದಿಲ್ಲ. ಆಗ ಎಲ್ಲ ಆರ್ಡರುಗಳೂ ಹಾಗೇ 9.15ಕ್ಕೆ ದಾಟುತ್ತವೆ, ಅಲ್ಲಿ ನಡೆದ ಮೊದಲ ವಹಿವಾಟಿನ ಬೆಲೆಯೇ ಆ ದಿನದ ಓಪನಿಂಗ್. ಎರಡೂ ಕಡೆ ಬರೀ ಮಾರ್ಕೆಟ್ ಆರ್ಡರುಗಳೇ ಇದ್ದರೆ ಹಿಂದಿನ ದಿನದ ಕ್ಲೋಸಿಂಗ್ ಬೆಲೆಗೆ ಜೋಡಿಸುತ್ತಾರೆ.

ಕೊನೆಯದಾಗಿ ಎರಡು ಮಾತು

ಐಪಿಒ ಮುಗಿದು ಹೊಸದಾಗಿ ಲಿಸ್ಟ್ ಆಗುವ ಷೇರಿಗೆ ಮೊದಲ ದಿನ ಈ ಗಡಿಯಾರ ನಡೆಯುವುದಿಲ್ಲ. ಅದಕ್ಕೆ ಬೇರೆಯೇ ವಿಶೇಷ ಪ್ರಿ-ಓಪನ್ ಇದೆ, ಒಂದು ಗಂಟೆಯದು, ಮಾಮೂಲಿ ವಹಿವಾಟು 10 ಗಂಟೆಗೆ ಶುರು. ಬೆಲೆ ಹುಡುಕುವ ದಾರಿ ಮಾತ್ರ ಇದೇ: ಅತಿ ಹೆಚ್ಚು ಷೇರು ಯಾವ ಬೆಲೆಗೆ ನಡೆಯುತ್ತದೆ ಅನ್ನುವುದು. ಲಿಸ್ಟಿಂಗ್ ದಿನ 9.15ಕ್ಕೆ ಷೇರು ಮಾರಲು ಹೋಗಿ "ಆ್ಯಪ್ ಕೈಕೊಟ್ಟಿತು" ಅನ್ನುವವರು ಇದನ್ನು ಗಮನಿಸಿ, ಆಗ ಇನ್ನೂ ಹರಾಜೇ ನಡೆಯುತ್ತಿರುತ್ತದೆ.

ಸಮಯವನ್ನೂ ಜೋಡಣೆಯ ಕ್ರಮವನ್ನೂ ಸೆಬಿ ಆಗಾಗ ತಿದ್ದುತ್ತದೆ. ದುಡ್ಡು ಹಾಕುವ ಮೊದಲು ನಿಮ್ಮ ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ಪ್ರಿ-ಓಪನ್ ಬಗ್ಗೆ ಇರುವ ಇತ್ತೀಚಿನ ಸುತ್ತೋಲೆ ತೆರೆದು ಮೂರು ಸಂಗತಿ ನೋಡಿಕೊಳ್ಳಿ: ಆರ್ಡರ್ ಹಾಕುವ ಸಮಯ, ಯಾವ ಆರ್ಡರ್ ಮೊದಲು ಜೋಡಿಯಾಗುತ್ತದೆ, ಉಳಿದ ಮಾರ್ಕೆಟ್ ಆರ್ಡರ್ ಏನಾಗುತ್ತದೆ. ಆಮೇಲೆ ದಿನವೂ ಸಾವಿರಾರು ಷೇರು ಓಡಾಡುವ ಒಂದು ಕಂಪನಿ ಆರಿಸಿ. 9.06ಕ್ಕೆ ಅದರ ಆರ್ಡರುಗಳನ್ನು ಹಾಳೆಗೆ ಇಳಿಸಿ ನಿಮ್ಮ ಬೆಲೆ ಲೆಕ್ಕ ಹಾಕಿ, 9.08 ಆದಮೇಲೆ ಪರದೆಯ ಬೆಲೆ ಪಕ್ಕದಲ್ಲಿ ಬರೆಯಿರಿ. ಪುಟದಲ್ಲಿ ಎಲ್ಲ ಬೆಲೆಗಳ ಆರ್ಡರುಗಳೂ ಕಾಣುವುದಿಲ್ಲ, ಕೊನೆಯ ನಿಮಿಷದಲ್ಲೂ ಆರ್ಡರ್ ಬರುತ್ತಿರುತ್ತವೆ, ಹಾಗಾಗಿ ಸ್ವಲ್ಪ ಹೆಚ್ಚುಕಡಿಮೆ ಬರುತ್ತದೆ. ಬಹಳ ದೂರ ಹೋಗಿದ್ದರೆ ಕೊನೆಯ ನಿಮಿಷದಲ್ಲಿ ದೊಡ್ಡದೇನೋ ಬಂದಿದೆ ಅಥವಾ ಹೋಗಿದೆ, ಇಲ್ಲವೇ ಹಂತ 4ರಲ್ಲಿ ಕೂಡುವ ದಿಕ್ಕು ತಪ್ಪಿದೆ.